ತಲೆ ಬಡಿದರೆ ಮಣಿ ಹೋಗುತ್ತದೆ

ಈ ಚಳಿಗಾಲದ ಆರಂಭದಲ್ಲಿ ಒಂದು ದಿನ ನಮ್ಮ ತರಗತಿಯ ಎಂಟು ವರ್ಷದ ಹುಡುಗಿಯೊಬ್ಬಳು ನನ್ನ ಅಂಗಿಯ ತೋಳನ್ನು ಹಿಡಿದೆಳೆದು, ಮೂಲೆಯ ಮೇಜಿನತ್ತ ಬೆರಳು ತೋರಿಸಿ, ಬಹಳ ಗುಟ್ಟಿನ ವಿಷಯವೆಂಬಂತೆ ಹೇಳಿದಳು: "ಅವನು ತಲೆ ಬಡಿದರೆ ಮಣಿ ಹೋಗುತ್ತದೆ." ಅವಳಿಗೆ ಡೌನ್ ಸಿಂಡ್ರೋಮ್ ಇದೆ; ಮಾತು ಕಡಿಮೆ. ನಾನು ಆ ಮಾತಿಗೆ ನಕ್ಕು ತಲೆ ಸವರಿ ಕಳುಹಿಸಿದೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ, ಏಕೆಂದರೆ ಆ ಹೊತ್ತಿಗೆ ನಾವು ನಾಲ್ವರು ದೊಡ್ಡವರು, ಅವರಲ್ಲಿ ಇಬ್ಬರು ಈ ವಿಷಯದಲ್ಲೇ ಪದವಿ ಪಡೆದವರು, ಮೂರು ವಾರಗಳಿಂದ ಹುಡುಕುತ್ತಿದ್ದ ಉತ್ತರ ಅವಳ ಆ ಐದು ಪದಗಳಲ್ಲಿತ್ತು.

ಮೇರಿಲ್ಯಾಂಡ್ ರಾಜ್ಯದ ಒಂದು ವಿಶೇಷ ಶಾಲೆಯಲ್ಲಿ ನಾನು ತರಗತಿಯ ಸಹಾಯಕಿ. ಮೂಲೆಯ ಮೇಜಿನಲ್ಲಿ ಕೂರುವ ಹುಡುಗನನ್ನು ಇಲ್ಲಿ ಪುಟ್ಟ ಎಂದು ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅವನಿಗೆ ಒಂಬತ್ತು ವರ್ಷ. ಮಧ್ಯಮ ಪ್ರಮಾಣದ ಬೌದ್ಧಿಕ ಅಂಗವೈಕಲ್ಯವಿದೆ, ಬಾಯಲ್ಲಿ ಹತ್ತು ಹದಿನೈದು ಪದಗಳಷ್ಟೇ ಇವೆ. ಸೆಪ್ಟೆಂಬರ್‌ನಿಂದ ಅವನು ಹಣೆಯನ್ನು ಮೇಜಿನ ಅಂಚಿಗೆ ಬಡಿದುಕೊಳ್ಳತೊಡಗಿದ್ದ. ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನನಗೆ ಅದು ತೆಂಗಿನಕಾಯಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿದಂತೆ ಕೇಳಿಸುತ್ತಿತ್ತು.

ಮೊದಲು ಆದದ್ದು ವೈದ್ಯಕೀಯ ತಪಾಸಣೆ. ಮಾತು ಬಾರದ ಮಗು ತಲೆ ಬಡಿದುಕೊಳ್ಳುತ್ತಿದ್ದರೆ ಕಿವಿಯ ಸೋಂಕು, ಹಲ್ಲುನೋವು, ಎದೆಯುರಿ, ಮಲಬದ್ಧತೆ, ನಿದ್ರೆಯ ಕೊರತೆ ಇವನ್ನೆಲ್ಲ ನೋಡದೆ ವರ್ತನೆಯ ಮಾತಿಗೆ ಕೈಹಾಕುವಂತಿಲ್ಲ. ಪುಟ್ಟನಿಗೆ ಅಂಥದ್ದೇನೂ ಇರಲಿಲ್ಲ. ಬಡಿತ ಹೆಚ್ಚು ಕಾಲ ಮುಂದುವರಿದರೆ ಅಕ್ಷಿಪಟಲ ಕಳಚಿ ದೃಷ್ಟಿಗೇ ಕುತ್ತು ಬರುವ ಸಂಭವವಿರುವುದರಿಂದ ಕಣ್ಣನ್ನೂ ಪರೀಕ್ಷಿಸಿದರು. ಆಮೇಲೆ ಶುರುವಾದದ್ದು ಇಲ್ಲಿ ಫಂಕ್ಷನಲ್ ಬಿಹೇವಿಯರ್ ಅಸೆಸ್‌ಮೆಂಟ್ ಎಂದು ಕರೆಯುವ ಪರಿಶೀಲನೆ. ಹೆಸರು ಭಾರವಾಗಿದ್ದರೂ ಅದು ಕೇಳುವುದು ಒಂದೇ ಪ್ರಶ್ನೆಯನ್ನು: ಹೀಗೆ ಮಾಡುವುದರಿಂದ ಈ ಮಗುವಿಗೆ ಏನು ದಕ್ಕುತ್ತಿದೆ? ಯಾರಾದರೂ ಹತ್ತಿರ ಬರುತ್ತಾರೆಯೇ, ಬೇಕಾದ ವಸ್ತು ಸಿಗುತ್ತದೆಯೇ, ಬೇಡದ ಕೆಲಸ ತಪ್ಪುತ್ತದೆಯೇ, ಅಥವಾ ಯಾರೂ ಇಲ್ಲದಿದ್ದರೂ ಆ ಬಡಿತದಿಂದಲೇ ದೇಹಕ್ಕೆ ಏನೋ ಸಿಗುತ್ತಿದೆಯೇ?

ಎಣಿಕೆಯಲ್ಲೇ ನಾವು ಮೊದಲು ಎಡವಿದೆವು. ಒಂದೇ ಗಂಟೆಯನ್ನು ನೋಡಿದ ಇಬ್ಬರಲ್ಲಿ ಶಿಕ್ಷಕಿ ಹದಿನಾಲ್ಕು ಎಂದು ಬರೆದರು, ನಾನು ಒಂಬತ್ತು ಎಂದು ಬರೆದೆ. ಇಬ್ಬರೂ ಸುಳ್ಳು ಬರೆದಿರಲಿಲ್ಲ. ಅವರು ಪ್ರತಿ ಬಡಿತವನ್ನೂ ಬೇರೆಯಾಗಿ ಎಣಿಸಿದ್ದರು, ನಾನು ಒಂದರ ಹಿಂದೆ ಒಂದಾಗಿ ಬಂದ ಎರಡು ಮೂರನ್ನು ಒಂದೆಂದು ಹಿಡಿದಿದ್ದೆ. ಆಗ ಶಾಲೆಯ ವರ್ತನಾ ತಜ್ಞೆ ಒಂದು ವ್ಯಾಖ್ಯೆ ಬರೆದುಕೊಟ್ಟರು: ಹಣೆ ಗಟ್ಟಿಯಾದ ಮೇಲ್ಮೈಗೆ ಸದ್ದಾಗುವಂತೆ ತಾಗಿದರೆ ಬಡಿತ, ಎರಡು ಬಡಿತಗಳ ನಡುವೆ ಐದು ಸೆಕೆಂಡು ಬಿಡುವಿದ್ದರೆ ಮಾತ್ರ ಅದು ಹೊಸ ಪ್ರಸಂಗ. ಅದಾದ ಮೇಲೆ ನಮ್ಮಿಬ್ಬರ ಲೆಕ್ಕ ಹತ್ತರಲ್ಲಿ ಒಂಬತ್ತು ಬಾರಿ ಕೂಡಿಬಂತು.

ಐದು ದಿನ ಮೂರು ಅಂಕಣಗಳ ಹಾಳೆಯಲ್ಲಿ ಬರೆದೆವು. ಮೊದಲ ಅಂಕಣದಲ್ಲಿ ಬಡಿತಕ್ಕೆ ಮುಂಚೆ ಏನಾಯಿತು, ನಡುವಿನದರಲ್ಲಿ ಬಡಿತ, ಕೊನೆಯದರಲ್ಲಿ ಬಡಿತದ ನಂತರ ಏನಾಯಿತು. ಒಟ್ಟು 46 ಪ್ರಸಂಗಗಳು. ಅವುಗಳಲ್ಲಿ 43ರ ಕೊನೆಯ ಅಂಕಣದಲ್ಲಿ ಒಂದೇ ಮಾತು: ದೊಡ್ಡವರೊಬ್ಬರು ಓಡಿಬಂದು ಹಿಡಿದುಕೊಂಡರು. ಹಾಗಾಗಿ ನಮ್ಮ ಮೊದಲ ತೀರ್ಮಾನವೂ ಸಲೀಸಾಗಿ ಬಂತು. ಇವನಿಗೆ ಬೇಕಾಗಿರುವುದು ನಮ್ಮ ಗಮನ. ಆದ್ದರಿಂದ ಹಣೆಯ ಮುಂದೆ ಮೆತ್ತನೆಯ ದಿಂಬು ಹಿಡಿದು ಅಪಾಯ ತಪ್ಪಿಸೋಣ, ಆದರೆ ಮಾತನಾಡಿಸುವುದು ಬೇಡ, ಮುಖ ನೋಡುವುದೂ ಬೇಡ. ಸುಮ್ಮನಿರುವಾಗ ಮಾತ್ರ ಐದೈದು ನಿಮಿಷಕ್ಕೊಮ್ಮೆ ಹೋಗಿ ಮುದ್ದು ಮಾಡೋಣ ಎಂದು ಯೋಜನೆ ಬರೆದರು. ಎರಡು ವಾರ ನಡೆಸಿದೆವು. ಬಡಿತ ಕಡಿಮೆಯಾಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು.

ಈ ಹಾಳೆ ಮೋಸ ಮಾಡುವುದು ಇಲ್ಲಿಯೇ. ಮಗುವೊಂದು ಹಣೆ ಬಡಿದುಕೊಂಡರೆ ಓಡಿಬಾರದ ಮನುಷ್ಯರಿದ್ದಾರೆಯೇ? ಕಾರಣ ಯಾವುದೇ ಇರಲಿ, ಕೊನೆಯ ಅಂಕಣದಲ್ಲಿ ನಮ್ಮ ಗಾಬರಿ ಬಂದೇ ಬರುತ್ತದೆ, ಮತ್ತು ಅದನ್ನು ಓದುವ ನಾವು ನಮ್ಮ ಗಾಬರಿಯನ್ನೇ ಮಗುವಿನ ಉದ್ದೇಶವೆಂದು ತಿಳಿಯುತ್ತೇವೆ. ಗಮನಕ್ಕಾಗಿಯೇ ಬಡಿದುಕೊಳ್ಳುವ ಮಗುವಾಗಿದ್ದರೆ ನಾವು ಬೇರೆ ಮಕ್ಕಳ ಜೊತೆ ಮಗ್ನರಾಗಿರುವ ಹೊತ್ತಿನಲ್ಲಿ ಅದು ಹೆಚ್ಚಾಗಬೇಕಿತ್ತು. ಹುಡುಗಿಯ ಮಾತನ್ನು ಮಧ್ಯಾಹ್ನ ತಜ್ಞೆಗೆ ತಮಾಷೆಯೆಂಬಂತೆ ಹೇಳಿದಾಗ ಅವರು ನಗಲಿಲ್ಲ. ಹಳೆಯ ಹಾಳೆಗಳನ್ನು ತರಿಸಿ ಮೊದಲ ಅಂಕಣವನ್ನು ಓದತೊಡಗಿದರು. ನಾವು ಪುಟ್ಟನನ್ನು ಗಮನಿಸದೆ ಬಿಟ್ಟಿದ್ದ ಸಮಯ ದಿನಕ್ಕೆ ಒಂದು ಗಂಟೆಗೂ ಮೀರಿತ್ತು, ಆದರೂ ಐದು ದಿನಗಳಲ್ಲಿ ಆಗ ಆದ ಪ್ರಸಂಗಗಳು ನಾಲ್ಕೇ. ಮೇಜಿನ ಮೇಲೆ ಕೆಲಸವಿದ್ದಾಗ ಆದವು 33. ಬಹುಪಾಲು ಮಣಿ ಪೋಣಿಸುವ ತಟ್ಟೆ ಮುಂದಿಟ್ಟ ಎರಡು ನಿಮಿಷದೊಳಗೆ. ಆ 33ರಲ್ಲಿ 29 ಸಲ, ಹಣೆಗೆ ಪೆಟ್ಟಾಗಬಾರದೆಂಬ ಅವಸರದಲ್ಲಿ ನಾವೇ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದೆವು. ಸರಿಸಿದ ಕೈ ಹೆಚ್ಚಾಗಿ ನನ್ನದೇ. ಒಟ್ಟು 46ರಲ್ಲಿ ಉಳಿದ ಒಂಬತ್ತರ ಬಗ್ಗೆ ಏನೂ ಹೇಳಲಾಗಲಿಲ್ಲ. "ಗಮನಿಸಬೇಡಿ" ಎಂಬ ನಮ್ಮ ಯೋಜನೆಯ ಪ್ರಕಾರವೂ ದಿಂಬು ಬಂದಾಗ ತಟ್ಟೆ ಹೋಗುತ್ತಿತ್ತು. ಅವನಿಗೆ ಬೇಕಾದ್ದನ್ನು ನಾವು ದಿನವೂ ಕೊಡುತ್ತಲೇ ಇದ್ದೆವು.

ಹಾಳೆಯ ಲೆಕ್ಕ ಅನುಮಾನವನ್ನಷ್ಟೇ ಕೊಡುತ್ತದೆ. ಅದನ್ನು ಖಚಿತಪಡಿಸಿಕೊಳ್ಳಲು ಸನ್ನಿವೇಶವನ್ನೇ ಬದಲಿಸಿ ನೋಡಬೇಕು. ಈ ದಾರಿಯನ್ನು ತೋರಿಸಿದ್ದು ನಾನಿರುವಲ್ಲಿಂದ ದೂರವೇನಲ್ಲದ ಬಾಲ್ಟಿಮೋರ್ ಎಂಬುದು ನನಗೆ ಆಮೇಲೆ ತಿಳಿಯಿತು. ಅಲ್ಲಿನ ಕೆನಡಿ ಇನ್‌ಸ್ಟಿಟ್ಯೂಟಿನಲ್ಲಿ ಬ್ರಯಾನ್ ಇವಾಟಾ ಮತ್ತು ಜೊತೆಗಾರರು ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುತ್ತಿದ್ದ ಒಂಬತ್ತು ಮಂದಿಯನ್ನು ನಾಲ್ಕು ಬಗೆಯ ಸನ್ನಿವೇಶಗಳಲ್ಲಿ ಹದಿನೈದು ಹದಿನೈದು ನಿಮಿಷ ನೋಡಿ, 1982ರಲ್ಲಿ ಪ್ರಕಟಿಸಿದ್ದರು. ಹೊರನೋಟಕ್ಕೆ ಒಂದೇ ಬಗೆಯ ವರ್ತನೆಗೆ ಬೇರೆ ಬೇರೆಯವರಲ್ಲಿ ಬೇರೆ ಬೇರೆ ಕಾರಣವಿರಬಹುದೆಂಬುದು ಅಲ್ಲಿ ಎದ್ದು ಕಂಡಿತ್ತು.

ನಮ್ಮ ಶಾಲೆಯಲ್ಲಿ ಅಷ್ಟು ದೀರ್ಘವಾಗಿ ಮಾಡುವಂತಿರಲಿಲ್ಲ, ಮತ್ತು ಪರೀಕ್ಷೆಗಾಗಿ ಮಗು ಹಣೆ ಬಡಿದುಕೊಳ್ಳಲೆಂದು ಕಾಯುತ್ತಾ ಕೂರುವುದು ಯಾರಿಗೂ ಒಪ್ಪಿಗೆಯಿರಲಿಲ್ಲ. ಪುಟ್ಟ ಬಡಿದುಕೊಳ್ಳುವ ಮುನ್ನ ಪ್ರತಿಸಲವೂ ಅಂಗಿಯ ಕೊರಳಪಟ್ಟಿಯನ್ನು ಎಳೆದು, ಗಂಟಲಲ್ಲಿ ಗುಂಯ್ ಎಂದು ಸ್ವರ ಹೊರಡಿಸುತ್ತಿದ್ದ. ತಜ್ಞೆ ಆ ಮುನ್ಸೂಚನೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಅದು ಕಂಡ ಕೂಡಲೇ ಬಡಿತಕ್ಕೆ ಸಿಗುತ್ತಿದ್ದುದನ್ನು ಕೊಟ್ಟುಬಿಟ್ಟರೆ ಬಡಿತದವರೆಗೆ ಹೋಗುವ ಅಗತ್ಯ ಅವನಿಗೆ ಬೀಳುವುದಿಲ್ಲ. ತಂದೆತಾಯಿಯ ಲಿಖಿತ ಒಪ್ಪಿಗೆ ಪಡೆದು, ಶಾಲೆಯ ನರ್ಸ್ ಅವರನ್ನು ಜೊತೆಗಿಟ್ಟುಕೊಂಡು, ಮೇಜಿನ ಅಂಚಿಗೆ ಸ್ಪಂಜು ಕಟ್ಟಿ, ಎರಡು ಸಲ ಹಣೆ ತಾಗಿದರೆ ನಿಲ್ಲಿಸುವುದೆಂದು ಮೊದಲೇ ನಿರ್ಧರಿಸಿ, ಐದು ನಿಮಿಷದ ಚಿಕ್ಕ ಸರದಿಗಳನ್ನು ನಡೆಸಿದರು. ಒಂದು ಸರದಿಯಲ್ಲಿ ಮಣಿ ತಟ್ಟೆ. ಕೊರಳಪಟ್ಟಿ ಎಳೆದರೆ ಮೂವತ್ತು ಸೆಕೆಂಡು ತಟ್ಟೆ ಆಚೆಗೆ. ಇನ್ನೊಂದರಲ್ಲಿ ಕೆಲಸವಿಲ್ಲ, ಆಟದ ಸಾಮಾನಿದೆ, ನಾನು ಪುಸ್ತಕ ಓದುತ್ತಾ ಕೂತಿರುತ್ತೇನೆ. ಎಳೆದರೆ ಮಾತ್ರ ಅವನತ್ತ ತಿರುಗಿ ಮಾತನಾಡಿಸುತ್ತೇನೆ. ಮೂರನೆಯದು ಆಟ, ಕೆಲಸವೂ ಇಲ್ಲ, ಗಮನಕ್ಕೂ ಕೊರತೆಯಿಲ್ಲ. ಪ್ರತಿಯೊಂದನ್ನೂ ಐದು ಸಲ. ಮಣಿಯ ಸರದಿಗಳಲ್ಲಿ ನಾಲ್ಕರಿಂದ ಆರು ಸಲ ಕೊರಳಪಟ್ಟಿ ಎಳೆದ. ನಾನು ಓದುತ್ತಾ ಕೂತ ಐದೂ ಸರದಿಗಳಲ್ಲಿ ಸೇರಿ ಒಂದೇ ಸಲ. ಆಟದಲ್ಲಿ ಒಮ್ಮೆಯೂ ಇಲ್ಲ. ಓದುವ ನಟನೆ ಮಾಡುತ್ತಿದ್ದ ನನ್ನನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ ಎಂಬುದು, ಹೇಳಿಕೊಳ್ಳಬಾರದು, ಸ್ವಲ್ಪ ನೋವೇ ಆಯಿತು.

ಆಗ ಉಳಿದ ಪ್ರಶ್ನೆ, ಮಣಿ ಏಕೆ ಬೇಡ ಎಂಬುದು. ಬಟಾಣಿ ಗಾತ್ರದ ಮಣಿ, ಬಳುಕುವ ನೂಲು; ಪುಟ್ಟನ ಬೆರಳುಗಳಿಗೆ ಅಂಥ ಹಿಡಿತವೇ ಇರಲಿಲ್ಲ. ತಟ್ಟೆಯಲ್ಲಿ ಇಪ್ಪತ್ತು ಮಣಿಗಳಿದ್ದು, ಎಲ್ಲಿಗೆ ಮುಗಿಯುತ್ತದೆಂಬ ಗುರುತೂ ಇರಲಿಲ್ಲ. ತುದಿ ಗಟ್ಟಿಯಿರುವ ಶೂ ಲೇಸ್, ನೆಲ್ಲಿಕಾಯಿ ಗಾತ್ರದ ಮರದ ಮಣಿಗಳು, ಎರಡೇ ಎರಡು: ಇದು ಮೊದಲ ಬದಲಾವಣೆ. ಎರಡನೆಯದು ತೆರೆದ ಅಂಗೈಯ ಚಿತ್ರವಿರುವ ಒಂದು ಕಾರ್ಡು. ಅದನ್ನು ನಮ್ಮ ಕೈಗಿತ್ತರೆ ತಟ್ಟೆ ಮೂವತ್ತು ಸೆಕೆಂಡು ಹೋಗುತ್ತದೆ. ಮೊದಲ ದಿನಗಳಲ್ಲಿ ಅವನು ಕೊರಳಪಟ್ಟಿಗೆ ಕೈಹಾಕುವ ಮುಂಚೆಯೇ ಹಿಂದಿನಿಂದ ಅವನ ಕೈಹಿಡಿದು ಕಾರ್ಡು ಕೊಡಿಸುತ್ತಿದ್ದೆವು. ಬಡಿದ ಮೇಲೆ ಕೊಡಿಸಿದರೆ ಬಡಿತ ಮತ್ತು ಕಾರ್ಡು ಎರಡೂ ಸೇರಿ ಒಂದೇ ಸರಪಳಿಯಾಗಿಬಿಡುತ್ತದೆ. ಕೆಲವರು ಹೇಳುವಂತೆ ತಟ್ಟೆಯನ್ನು ಸರಿಸದೆ ಹಠ ಹಿಡಿಯುವ ಪ್ರಯೋಗವನ್ನು ಮಾಡಲಿಲ್ಲ. ಸಿಗುತ್ತಿದ್ದದ್ದು ಏಕಾಏಕಿ ನಿಂತರೆ ವರ್ತನೆ ಇಳಿಯುವ ಮುನ್ನ ಒಮ್ಮೆ ಉಕ್ಕುವ ಸಂಭವವಿದೆ, ಉಕ್ಕುವುದು ಹಣೆಯ ಪೆಟ್ಟಾದರೆ ಅದನ್ನು ನೋಡುತ್ತಾ ಕೂರಲಾಗದು.

ನಾಲ್ಕನೆಯ ವಾರಕ್ಕೆ ದಿನಕ್ಕೆ ಒಂದೋ ಎರಡೋ ಬಡಿತಕ್ಕೆ ಬಂತು. ಆಮೇಲೆ ಒಂದು ಮಣಿ ಪೋಣಿಸಿ ಕಾರ್ಡು, ಎರಡು ಪೋಣಿಸಿ ಕಾರ್ಡು ಎಂದು ನಿಧಾನವಾಗಿ ದೂರ ಹೆಚ್ಚಿಸಿದೆವು. ಬದಲಿ ಶಿಕ್ಷಕಿ ಬಂದ ಒಂದು ದಿನ ಯಾರೋ ಮೇಜು ಒರೆಸಿ ಕಾರ್ಡನ್ನು ಡ್ರಾಯರಿನಲ್ಲಿಟ್ಟುಬಿಟ್ಟಿದ್ದರು. ಒಂದು ಗಂಟೆಯಲ್ಲಿ ಏಳು ಬಡಿತ. ಅವನ ನಾಲಿಗೆಯನ್ನೇ ಎತ್ತಿ ಡ್ರಾಯರಿನಲ್ಲಿಟ್ಟಂತಾಗಿತ್ತು. ಈಗ ಕಾರ್ಡನ್ನು ದಾರಕ್ಕೆ ಕಟ್ಟಿ ಮೇಜಿಗೇ ಬಿಗಿದಿದ್ದೇವೆ.

ತಿಪಟೂರಿನ ಕಡೆಯ ನಮ್ಮೂರಿನಲ್ಲಿ, ನಾನು ಚಿಕ್ಕವಳಿದ್ದಾಗ, ಪಕ್ಕದ ಮನೆಯಲ್ಲಿ ಇಂಥದೇ ಹುಡುಗನಿದ್ದ. ಅವನು ನಡುಮನೆಯ ಗೋಡೆಗೆ ತಲೆ ಬಡಿದುಕೊಳ್ಳುತ್ತಾನೆಂದು ಅಲ್ಲಿ ಕಂಬಳಿ ಮಡಿಸಿ ಮೊಳೆ ಹೊಡೆದಿದ್ದರು. ತಾಯತ ಕಟ್ಟಿಸಿದರು, ಹರಕೆ ಹೊತ್ತರು, "ಹಠ, ನೋಡ್ದಂಗಿರಿ" ಎಂದರು. ಅವನ ಅಜ್ಜಿ ಮಾತ್ರ ಹಿಂದಿನ ಬೀದಿಯ ಹಿಟ್ಟಿನ ಗಿರಣಿ ಶುರುವಾಗುವ ಹೊತ್ತಿಗೆ ಸರಿಯಾಗಿ ಅವನನ್ನು ಕೈಹಿಡಿದು ತೋಟದ ಕಡೆ ಕರೆದೊಯ್ಯುತ್ತಿದ್ದರು. "ಗಿರಣಿ ಸದ್ದು ಬಂದ್ರೆ ಬಡ್ಕೋತಾನೆ ಕಣೇ" ಎಂದು ನನ್ನ ಅಮ್ಮನಿಗೆ ಹೇಳಿದ್ದು ನನಗೆ ನೆನಪಿದೆ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಆ ಹೊತ್ತಿಗೆ ತೋಟಕ್ಕೆ ಕರೆದೊಯ್ಯುವವರೂ ಇರಲಿಲ್ಲ.

ನನ್ನ ತಂಗಿ ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಅವಳ ತರಗತಿಯಲ್ಲೂ ತಲೆ ಬಡಿದುಕೊಳ್ಳುವ ಮಗುವಿದೆ. ವಿಶೇಷ ಮಕ್ಕಳಿಗಾಗಿ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರು ತಾಲ್ಲೂಕಿನ ಎಲ್ಲ ಶಾಲೆ ಸುತ್ತಿ ಇವರಲ್ಲಿಗೆ ಬರುವುದು ಅಪರೂಪ. ಈ ಕಥೆಯನ್ನೆಲ್ಲ ಹೇಳಿದಾಗ ಅವಳು, "ಅಕ್ಕಾ, ಮೂವತ್ತೆಂಟು ಮಕ್ಕಳಿಗೆ ನಾನೊಬ್ಬಳೇ. ಯಾವುದನ್ನು ಅಂತ ಬರೀಲಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲಿ ಒಂಬತ್ತು ಮಕ್ಕಳಿಗೆ ನಾವು ನಾಲ್ವರು, ಆದರೂ ಮೂರು ವಾರ ದಾರಿ ತಪ್ಪಿದೆವು. ಮೂರು ಗೆರೆ ಎಳೆದು ಬರೆದರೆ ಸಾಕು, ಹಾಜರಿ ಪುಸ್ತಕದ ಹಿಂದಿನ ಪುಟವಾದರೂ ಆದೀತು ಎಂದಷ್ಟೇ ಹೇಳಿದೆ.

ಕಳೆದ ಭಾನುವಾರ ಅವಳು ಆ ಪುಟದ ಫೋಟೊ ಕಳುಹಿಸಿದಳು. ಒಂದು ವಾರದಲ್ಲಿ ಹನ್ನೊಂದು ಬಡಿತ. ನಡುವಿನ ಅಂಕಣದಲ್ಲಿ ಎಷ್ಟು ಜೋರು, ಎಲ್ಲಿಗೆ ಪೆಟ್ಟು ಎಂಬುದೆಲ್ಲ ಅವಳ ಮುದ್ದಾದ ಅಕ್ಷರಗಳಲ್ಲಿದೆ. ಕೊನೆಯದರಲ್ಲಿ ಉದ್ದಕ್ಕೂ "ನಾನು ಎತ್ತಿಕೊಂಡೆ" ಎಂದಿದೆ. ಮೊದಲ ಅಂಕಣ ಖಾಲಿಯಿತ್ತು. ಕೇಳಿದ್ದಕ್ಕೆ, "ಸದ್ದು ಕೇಳಿದ ಮೇಲಲ್ವಾ ಅಕ್ಕಾ ನಾನು ತಿರುಗಿ ನೋಡೋದು" ಎಂದಳು. ಆಮೇಲೆ ತುಸು ತಡೆದು, ಅವನ ಪಕ್ಕದಲ್ಲಿ ಕೂರುವ ಹುಡುಗಿಯನ್ನು ನಾಳೆ ಕೇಳಿ ನೋಡುತ್ತೇನೆ ಎಂದಳು.