ಎರಡನೇ ಸ್ವಾಗತ: ತಡವಾಗಿ ಬಂದವರಿಗೆ ಎರಡು ನಿಮಿಷ

"ಸರ್, ಕಾರ್ಯಕ್ರಮ ಶುರುವಾದ ಮೇಲೆ ಬಂದು ಹೆಸರು ಬರೆಸಿದವರಿಗೆ ನಿರೂಪಕರು ಮತ್ತೊಂದು ಸಲ ಸ್ವಾಗತ ಹೇಳಬೇಕಾ? ಹೇಳೋದಾದ್ರೆ ಇಡೀ ದಿನದ ವೇಳಾಪಟ್ಟಿ ಮತ್ತೆ ಓದಬೇಕಾ?"

ಹೇಳಬೇಕು. ಓದಬಾರದು.

ದಾವಣಗೆರೆಯಲ್ಲಿ ಬಹಳ ವರ್ಷದಿಂದ ಮೈಕು ಹಿಡಿಯುತ್ತಿದ್ದೇನೆ. ನಮ್ಮಲ್ಲಿ ಒಂದು ದಿನದ ಕಾರ್ಯಾಗಾರಕ್ಕೆ ಎಲ್ಲರೂ ಒಂಬತ್ತಕ್ಕೇ ಬಂದು ಕೂತದ್ದನ್ನು ಒಮ್ಮೆಯೂ ನೋಡಿಲ್ಲ. ಜಗಳೂರು, ಹೊನ್ನಾಳಿ ಕಡೆಯವರು ಬಸ್ಸನ್ನು ನಂಬಿ ಹೊರಟಿರುತ್ತಾರೆ. ಮೊಳಕಾಲ್ಮೂರಿನವರು ಚಿತ್ರದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಹೇಗೂ ಊರಿಗೆ ಬಂದಿದ್ದೇವಲ್ಲ ಅಂತ ಬೆಣ್ಣೆ ದೋಸೆಗೆ ಸರದಿ ನಿಂತು ತಡವಾದವರೂ ಇರುತ್ತಾರೆ, ಅದನ್ನು ಅವರೇ ನಗುತ್ತಾ ಒಪ್ಪಿಕೊಳ್ಳುತ್ತಾರೆ. ಕಾರಣ ಏನೇ ಇರಲಿ, ಇವರು ಒಳಗೆ ಬರುವ ಹೊತ್ತಿಗೆ ಸ್ವಾಗತ ಭಾಷಣ ಮುಗಿದಿರುತ್ತದೆ, ಕೈಚೀಲಗಳು ಖಾಲಿಯಾಗಿರುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ಕೈಯಲ್ಲಿರುವ ಆಹ್ವಾನಪತ್ರಿಕೆಯ ಸಮಯ ಸುಳ್ಳಾಗಿರುತ್ತದೆ. ಎರಡನೇ ಸ್ವಾಗತ ಬೇಕಾಗುವುದು ಈ ಕೊನೆಯ ಕಾರಣಕ್ಕೆ.

ಒಂದು ದಿನದ ಲೆಕ್ಕವನ್ನೇ ಮುಂದಿಡುತ್ತೇನೆ. ಪ್ರೌಢಶಾಲಾ ಶಿಕ್ಷಕರ ಕಾರ್ಯಾಗಾರ, ಊರಿನದೇ ಒಂದು ಕಾಲೇಜಿನ ಸಭಾಂಗಣ. ಮೊದಲೇ ಹೆಸರು ಕೊಟ್ಟು ಹೊತ್ತಿಗೆ ಬಂದವರು 140 ಮಂದಿ. ಹತ್ತರ ನಂತರ ಬಂದು ನೋಂದಾಯಿಸಿದವರು 34. ಪತ್ರಿಕೆಯ ಪ್ರಕಾರ 10ಕ್ಕೆ ಉದ್ಘಾಟನೆ, 11ಕ್ಕೆ ಚಹಾ, 11.15ಕ್ಕೆ ಮೊದಲ ಗೋಷ್ಠಿ, 12.30ಕ್ಕೆ ಮೂರು ಕೊಠಡಿಗಳಲ್ಲಿ ಗುಂಪು ಚರ್ಚೆ, 1.30ಕ್ಕೆ ಊಟ, 2.30ಕ್ಕೆ ಎರಡನೇ ಗೋಷ್ಠಿ, 5ಕ್ಕೆ ಮುಕ್ತಾಯ. ಉದ್ಘಾಟಕರು ಬರುವುದು ತಡವಾಯಿತು, ಬಂದ ಮೇಲೆ ಮಾತೂ ಉದ್ದವಾಯಿತು. ವಂದನಾರ್ಪಣೆ ಮುಗಿದಾಗ ನನ್ನ ಗಡಿಯಾರದಲ್ಲಿ 11.48. ಹನ್ನೊಂದಕ್ಕೆ ಮುಗಿಯಬೇಕಿದ್ದದ್ದು.

ಈ ಗಳಿಗೆಯಲ್ಲಿ ಹೊಸ ನಿರೂಪಕ ಮಾಡುವ ತಪ್ಪು ಏನೆಂದರೆ, ತಡವಾಗಿ ಬಂದವರಿಗೆ ಅನುಕೂಲವಾಗಲಿ ಅಂತ ಪತ್ರಿಕೆಯನ್ನೇ ಮೇಲಿನಿಂದ ಕೆಳಗೆ ಓದಿಬಿಡುವುದು. ಓದಿದ್ದರಲ್ಲಿ ಅರ್ಧ ಆಗಿ ಹೋದದ್ದು, ಇನ್ನರ್ಧ ಆಗಲಾರದ್ದು. ನಾನು ಮಾಡುವುದು ಬೇರೆ. ಅಧ್ಯಕ್ಷರ ಭಾಷಣ ನಡೆಯುತ್ತಿರುವಾಗಲೇ ವೇದಿಕೆಯ ಪಕ್ಕಕ್ಕೆ ಸರಿದು, ಸಂಘಟಕರನ್ನು ಕರೆದು, ಒಂದು ಚೀಟಿಯಲ್ಲಿ ಹೊಸ ಸಮಯ ಬರೆಸಿಕೊಳ್ಳುತ್ತೇನೆ. ಯಾವುದನ್ನು ಕದಲಿಸಲು ಬರುವುದಿಲ್ಲ ಅನ್ನುವುದು ಮೊದಲು ತೀರ್ಮಾನವಾಗಬೇಕು. ಅಂದು ಐದು ಗಂಟೆ ಕದಲುವಂತಿರಲಿಲ್ಲ, ದೂರದವರಿಗೆ ಕತ್ತಲಾಗುವ ಮುಂಚೆ ಬಸ್ಸು ಸಿಗಬೇಕು. ಎರಡನೇ ಗೋಷ್ಠಿಯ ಸಂಪನ್ಮೂಲ ವ್ಯಕ್ತಿ ಎರಡೂವರೆಗೇ ಬರುವವರಿದ್ದರು, ಅದೂ ಕದಲದು. ಅಂದರೆ ಜಾರಿಹೋದ 50 ನಿಮಿಷವನ್ನು ಎರಡೂವರೆಯೊಳಗೆ ಹುಡುಕಬೇಕು. ಚಹಾ ವಿರಾಮ ತೆಗೆದು ಕೂತಲ್ಲಿಗೇ ಲೋಟ ಕಳಿಸಿದರೆ 15 ನಿಮಿಷ ಸಿಕ್ಕಿತು. ಗುಂಪು ಚರ್ಚೆ ಒಂದು ಗಂಟೆಯ ಬದಲು 40 ನಿಮಿಷ, ಅಲ್ಲಿ 20. ಊಟಕ್ಕೆ ಮುಕ್ಕಾಲು ಗಂಟೆ, ಅಲ್ಲಿ 15. ಮೊದಲ ಗೋಷ್ಠಿಯ ಒಂದೂಕಾಲು ಗಂಟೆಯನ್ನು ಮುಟ್ಟಲಿಲ್ಲ. ಜನ ಬಂದಿರುವುದೇ ಅದಕ್ಕೆ.

ಹೀಗೆ ಹೊಂದಿಸಿದ್ದರಿಂದ ಇನ್ನೊಂದು ಉಪಕಾರವಾಯಿತು. ಎರಡೂವರೆಯ ನಂತರ ಪತ್ರಿಕೆಯಲ್ಲಿ ಅಚ್ಚಾದ ಸಮಯವೇ ಮತ್ತೆ ನಿಜವಾಗುತ್ತದೆ. ಹಾಗಾಗಿ ನಾನು ಮೂರೇ ಹೊಸ ಸಮಯ ಹೇಳಿದರೆ ಸಾಕು, ಉಳಿದದ್ದನ್ನು ಅವರ ಕೈಯಲ್ಲಿರುವ ಕಾಗದ ಹೇಳುತ್ತದೆ. ಅತಿಥಿಗಳು ವೇದಿಕೆಯಿಂದ ಇಳಿಯುತ್ತಿದ್ದಂತೆ ಮೈಕಿನಲ್ಲಿ ಹೇಳಿದ್ದು ಇಷ್ಟು:

"ಉದ್ಘಾಟನೆಯ ಹೊತ್ತಿನಲ್ಲಿ ಬಂದು ನಮ್ಮನ್ನು ಸೇರಿಕೊಂಡ ಶಿಕ್ಷಕ ಬಂಧುಗಳೇ, ಸಂಘಟಕರ ಪರವಾಗಿ ತಮಗೆ ಸ್ವಾಗತ. ಮೊದಲ ಗೋಷ್ಠಿ ಈಗ ಶುರುವಾಗುತ್ತಿದೆ, ಇದೇ ಸಭಾಂಗಣದಲ್ಲಿ. ಚಹಾ ತಾವು ಕೂತಲ್ಲಿಗೇ ಬರುತ್ತದೆ, ಯಾರೂ ಏಳಬೇಡಿ. ಗೋಷ್ಠಿ ಮುಗಿಯುವುದು ಒಂದು ಗಂಟೆ ಐದು ನಿಮಿಷಕ್ಕೆ. ಆಮೇಲೆ ಗುಂಪು ಚರ್ಚೆ, ಮೊದಲ ಮಹಡಿಯ ಮೂರು ಕೊಠಡಿಗಳಲ್ಲಿ. ತಮ್ಮ ಬ್ಯಾಡ್ಜಿನ ಮೂಲೆಯಲ್ಲಿ ಪೆನ್ನಿನಿಂದ ಒಂದು, ಎರಡು ಅಥವಾ ಮೂರು ಎಂದು ಬರೆದಿದೆ, ಅದೇ ತಮ್ಮ ಕೊಠಡಿ. ಬರೆದಿಲ್ಲವಾದರೆ ಬಾಗಿಲ ಬಳಿ ಹಸಿರು ಸೀರೆ ಉಟ್ಟು ನಿಂತಿರುವ ಮೇಡಂ ಅವರನ್ನು ಕೇಳಿ. ಊಟ ಒಂದೂ ಮುಕ್ಕಾಲಿಗೆ, ಸಭಾಂಗಣದ ಹಿಂಭಾಗದಲ್ಲಿ. ಮತ್ತೆ ಹೇಳುತ್ತೇನೆ, ಊಟ ಒಂದೂ ಮುಕ್ಕಾಲಿಗೆ. ಎರಡೂವರೆಯಿಂದ ಆಹ್ವಾನಪತ್ರಿಕೆಯಲ್ಲಿರುವ ಸಮಯವೇ ನಡೆಯುತ್ತದೆ, ಐದಕ್ಕೆ ಮುಕ್ತಾಯ. ಪ್ರಮಾಣಪತ್ರಕ್ಕೆ ಹೆಸರು ಬರೆದುಕೊಡದವರು ಊಟಕ್ಕೆ ಮುಂಚೆ ನೋಂದಣಿ ಮೇಜಿನಲ್ಲಿ ಬರೆದುಕೊಡಿ. ಇನ್ನು ಮೊದಲ ಗೋಷ್ಠಿ."

ನಿಧಾನವಾಗಿ ಹೇಳಿದರೂ ಎರಡು ನಿಮಿಷ ದಾಟಲಿಲ್ಲ. ನಮ್ಮ ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಎಂದು ಗೊತ್ತುಮಾಡಿತಲ್ಲ, ನನ್ನ ಎರಡನೇ ಸ್ವಾಗತ ಅದಕ್ಕಿಂತ ಉದ್ದವಾಗಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು.

ಈ ಮಾತಿನಲ್ಲಿ "ತಡ" ಅನ್ನುವ ಪದ ಇಲ್ಲ ಅನ್ನುವುದನ್ನು ಗಮನಿಸಿ. ಮೊದಮೊದಲು ನಾನು "ತಡವಾಗಿ ಬಂದವರಿಗೂ ಸ್ವಾಗತ" ಅನ್ನುತ್ತಿದ್ದೆ. ಒಮ್ಮೆ ಊಟದ ಸಾಲಿನಲ್ಲಿ ಹಿರಿಯ ಮೇಷ್ಟ್ರೊಬ್ಬರು ನನ್ನ ಪಕ್ಕ ಬಂದು, "ನಾನು ಮನೆ ಬಿಟ್ಟಾಗ ನೀವು ಇನ್ನೂ ಮಲಗಿದ್ರಿ ಕಣ್ರೀ" ಅಂದರು. ನಾಲ್ಕೂವರೆಗೆ ಎದ್ದು ಹೊರಟವರು. ಆ "ಊ" ಅವರಿಗೆ ಚುಚ್ಚಿತ್ತು. ಬಂದವರಿಗೂ ಅಂದರೆ, ಬರದಿದ್ದರೂ ನಡೆಯುತ್ತಿತ್ತು ಅಂದಂತೆ. ಅಂದಿನಿಂದ ಎಷ್ಟು ಜನ ತಡವಾಗಿ ಬಂದರು ಅನ್ನುವ ಲೆಕ್ಕವನ್ನೂ ಮೈಕಿನಲ್ಲಿ ಹೇಳುವುದಿಲ್ಲ, ಕೈ ಎತ್ತಿ ಅಂತಲೂ ಅನ್ನುವುದಿಲ್ಲ.

"ಸಂಘಟಕರ ಪರವಾಗಿ" ಅನ್ನುವುದೂ ಸುಮ್ಮನೆ ಬಂದದ್ದಲ್ಲ. ನಮ್ಮ ಸಭಾ ಪದ್ಧತಿಯಲ್ಲಿ ಸ್ವಾಗತ ಕೋರುವ ಹಕ್ಕು ಆತಿಥೇಯರದು, ನಿರೂಪಕನದು ಪೋಣಿಸುವ ಕೆಲಸ. ಅವರ ಹೆಸರಿನಲ್ಲಿ ಹೇಳಿದರೆ ಯಾರ ಮನಸ್ಸೂ ಕೆಡುವುದಿಲ್ಲ. ಆದರೆ ಸ್ವಾಗತ ಅಂದ ತಕ್ಷಣ ಅಭ್ಯಾಸಬಲದಿಂದ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು ಅಂತ ಪಟ್ಟಿ ಮತ್ತೆ ಬಾಯಿಗೆ ಬಂದರೆ ಮುಗಿಯಿತು, ಅಲ್ಲಿಗೇ ಮೂರು ನಿಮಿಷ ಹೋಯಿತು.

ಕೊಠಡಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು, ದಿನ ಹಳಿ ತಪ್ಪುವುದು ಅಲ್ಲೇ. ಮೊದಲೇ ಬಂದವರ ಬ್ಯಾಡ್ಜಿನಲ್ಲಿ ಗುಂಪಿನ ಸಂಖ್ಯೆ ಅಚ್ಚಾಗಿರುತ್ತದೆ. ಆಮೇಲೆ ಬಂದವರಿಗೆ ಸಿಗುವುದು ಬರಿ ಹೆಸರು ಬರೆದ ಖಾಲಿ ಬ್ಯಾಡ್ಜು. ಹೀಗೆ ಬಿಟ್ಟರೆ ಒಂದೂ ಐದಕ್ಕೆ ಎಲ್ಲರೂ ಮೆಟ್ಟಿಲಿಗೆ ಹತ್ತಿರದ ಕೊಠಡಿಗೇ ನುಗ್ಗುತ್ತಾರೆ. ಸಂಘಟಕರಲ್ಲಿ ಒಬ್ಬರು, "34 ಜನಾನೂ ಮೂರನೇ ಕೊಠಡಿಗೆ ಹಾಕಿಬಿಡಿ, ಸುಲಭ" ಅಂದರು. ಸುಲಭ ನಿಜ, ಆದರೆ ಕೊಠಡಿಯಲ್ಲಿ 60 ಕುರ್ಚಿ, ಈಗಾಗಲೇ 46 ಮಂದಿಯ ಗುಂಪು. ಅದೂ ಅಲ್ಲದೆ ಒಂದೇ ಬಸ್ಸಿನಲ್ಲಿ ಬಂದವರೆಲ್ಲ ಒಂದೇ ಕಡೆ ಕೂತರೆ ಚರ್ಚೆ ಊರಿನ ಸುದ್ದಿಗೆ ತಿರುಗುತ್ತದೆ. ಹಾಗಾಗಿ ರಸೀದಿ ಕೊಡುವಾಗಲೇ ಒಂದು, ಎರಡು, ಮೂರು ಎಂದು ಸರದಿಯಲ್ಲಿ ಬ್ಯಾಡ್ಜಿನ ಮೇಲೆ ಬರೆಯಲು ಹೇಳಿದೆ. 47, 47, 46 ಇದ್ದ ಗುಂಪುಗಳು 59, 58, 57 ಆದವು. ಎಲ್ಲರಿಗೂ ಕುರ್ಚಿ ಸಿಕ್ಕಿತು.

ಎರಡನೇ ಸ್ವಾಗತ ಸರಿಯಾಗಿ ಮುಟ್ಟಿತೋ ಇಲ್ಲವೋ ಅಂತ ನಾನು ನೋಡುವುದೂ ಆಗಲೇ. ಗೋಷ್ಠಿ ಬಿಟ್ಟ ಮೇಲೆ ವರಾಂಡದಲ್ಲಿ ನಿಂತಿರುತ್ತೇನೆ. "ಎಲ್ಲಿಗೆ ಹೋಗಬೇಕ್ರೀ?" ಅಂತ ಕೇಳುವವರು ಇಬ್ಬರು ಮೂವರಿದ್ದರೆ ಸರಿ. ಹತ್ತು ಜನ ಕೇಳಿದರೆ ನನ್ನ ಮಾತು ಹಿಂದಿನ ಸಾಲಿಗೆ ಮುಟ್ಟಿಲ್ಲ ಅಂತ ಅರ್ಥ. ತಡವಾಗಿ ಬಂದವರು ಕೂರುವುದು ಹಿಂದೆಯೇ ತಾನೆ, ಧ್ವನಿಪೆಟ್ಟಿಗೆಗಳಿರುವುದು ಮುಂದೆ, ನಡುವೆ ಫ್ಯಾನುಗಳ ಸದ್ದು. ಅದಕ್ಕೇ ಊಟದ ಸಮಯವನ್ನು ಎರಡು ಸಲ ಹೇಳಿದ್ದು. "ಒಂದು ನಲವತ್ತೈದು" ಅನ್ನದೆ "ಒಂದೂ ಮುಕ್ಕಾಲು" ಅಂದದ್ದೂ ಅದಕ್ಕೇ. ಮೊದಲನೆಯದು ಅರ್ಧ ಕೇಳಿದರೆ ಒಂದು ಗಂಟೆ ಅಂತ ಎದ್ದುಬಿಡುತ್ತಾರೆ.

ಊಟದ ಬಗ್ಗೆ ಮೈಕಿನಲ್ಲಿ ಬಾಯಿ ಬಿಡುವ ಮುಂಚೆ ಅಡುಗೆಯವರನ್ನು ಕೇಳಿರಬೇಕು. ಅಂದು ಹಿಂದಿನ ದಿನ ಹೇಳಿದ್ದು 150 ಊಟ, ಬಂದವರು 174. ಹನ್ನೊಂದೂಕಾಲಿಗೇ ಲೆಕ್ಕ ಮುಟ್ಟಿಸಿದ್ದರಿಂದ ಭಟ್ಟರು ಅನ್ನಕ್ಕೆ ಇನ್ನೊಂದು ಪಾತ್ರೆ ಇಟ್ಟರು. ಹೋಳಿಗೆ ಮಾತ್ರ ಎಣಿಸಿ ಮಾಡಿದ್ದು. ಅದು ಎರಡರ ಬದಲು ಒಂದೊಂದೇ ಬಡಿಸುವುದು ಅಂತಾಯಿತು, ಅದನ್ನು ಮೈಕಿನಲ್ಲಿ ಹೇಳಲಿಲ್ಲ.

ಮೈಕಿನಲ್ಲಿ ಹೇಳಬಾರದ ಇನ್ನೊಂದು ಸಂಗತಿಯನ್ನು ಕೆಟ್ಟು ಕಲಿತಿದ್ದೇನೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಓಓಡಿ, ಅಂದರೆ ಅನ್ಯ ಕರ್ತವ್ಯದ ಮೇಲೆ ಬಂದಿದ್ದರು ಅಂತ ತೋರಿಸುವ ಹಾಜರಾತಿ ಪತ್ರ ಬೇಕು, ಇಲ್ಲದಿದ್ದರೆ ಆ ದಿನ ಅವರ ರಜೆಯಲ್ಲಿ ಕಳೆಯುತ್ತದೆ. ಒಂದು ಕಾರ್ಯಕ್ರಮದಲ್ಲಿ ಹುಮ್ಮಸ್ಸಿನಲ್ಲಿ "ಯಾರೂ ಚಿಂತೆ ಮಾಡಬೇಡಿ, ಎಲ್ಲರಿಗೂ ಓಓಡಿ ಇದೆ" ಅಂದುಬಿಟ್ಟೆ. ಸಂಘಟಕರು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಸಹಿ ಇದ್ದವರಿಗಷ್ಟೇ ಪೂರ್ತಿ ದಿನದ ಪತ್ರ ಕೊಡುವುದು ಅಂತ ನಿಶ್ಚಯಿಸಿದ್ದರು, ಹನ್ನೆರಡರ ಮೇಲೆ ಬಂದವರಿಗೆ ಬೆಳಗಿನ ಸಹಿ ಮಾಡಿಸಲಿಲ್ಲ. ಸಂಜೆ ಐದಕ್ಕೆ ಮೇಜಿನ ಮುಂದೆ ಜಗಳ. "ಮೈಕಲ್ಲೇ ಹೇಳಿದ್ರಲ್ಲ ಸಾರ್" ಅಂತ ನನ್ನನ್ನೇ ತೋರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ಈಗ ಮೈಕಿನಲ್ಲಿ ಪ್ರಮಾಣಪತ್ರಕ್ಕೆ ಹೆಸರು ಬರೆದುಕೊಡಿ ಅನ್ನುವುದಷ್ಟೇ. ಯಾರಿಗೆ ಎಷ್ಟು ಹೊತ್ತಿನ ಹಾಜರಿ ಅನ್ನುವುದು ನೋಂದಣಿ ಮೇಜಿನ ಮಾತು.

ಮೊದಲ ಗೋಷ್ಠಿ ನಡೆಯುತ್ತಿರುವಾಗ ಬಂದವರಿಗೆ ಏನು ಮಾಡುತ್ತೀರಿ ಅಂತಲೂ ಕೆಲವರು ಕೇಳುತ್ತಾರೆ. ಅವರಿಗಾಗಿ ಮೂರನೇ ಸ್ವಾಗತ ಇಲ್ಲ, ಮಾತಾಡುತ್ತಿರುವವರನ್ನು ತಡೆಯುವುದು ಸರಿಯಲ್ಲ. ನನ್ನ ಚೀಟಿಯಲ್ಲಿದ್ದ ಆ ಮೂರು ಸಮಯಗಳನ್ನು ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ನೋಂದಣಿ ಮೇಜಿನ ಹಿಂದಿನ ಗೋಡೆಗೆ ಅಂಟಿಸುತ್ತೇವೆ. ಅಂದು ಹನ್ನೆರಡೂಕಾಲಿಗೆ ಬಂದ ಇಬ್ಬರು ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಬಂದು ಕೂತರು. ಚಹಾ ಆಗಲೇ ಮುಗಿದಿತ್ತು.