‘ಹಾಕಿ’ ಅಂದಿದ್ದು ಯಾರು?

ಮಡಿಕೇರಿ ಹತ್ತಿರದ ಒಂದು ಕಾಫಿ ಪುಡಿ ಬ್ರ್ಯಾಂಡಿನ ಇನ್‌ಸ್ಟಾ ಪೇಜ್ ನೋಡಿಕೊಳ್ಳುವುದು ನನ್ನ ಕೆಲಸ. ತೋಟದೊಳಗೆ ಅವರದೇ ಒಂದು ಹೋಮ್‌ಸ್ಟೇ ಕೂಡ ಇದೆ. ಓನರ್‌ಗೆ ಫೋಟೋಗೆ ಅಂತ ದುಡ್ಡು ಬಿಚ್ಚುವುದು ಅಂದರೆ ಆಗದ ಮಾತು. “ಗಿರಾಕಿಗಳೇ ಇಷ್ಟು ಚೆನ್ನಾಗಿ ತೆಗೀತಾರಲ್ಲ, ಅದನ್ನೇ ಹಾಕಿ” ಅನ್ನುತ್ತಾರೆ. ಹಾಗಾಗಿ ನಮ್ಮ ಪೇಜ್ ನಡೆಯುವುದೇ ಬೇರೆಯವರ ಫೋಟೋ ಮೇಲೆ.

ಬೆಳಿಗ್ಗೆ ಬಂದ ಕೂಡಲೇ ಮೊದಲು ಸ್ಟೋರಿ ಮೆನ್ಷನ್ ನೋಡುತ್ತೇವೆ. ಅವು 24 ಗಂಟೆಗೆ ಮಾಯ. ಆಮೇಲೆ ಟ್ಯಾಗ್ ಆದ ಪೋಸ್ಟ್‌ಗಳು. ಚೆನ್ನಾಗಿರುವುದರ ಲಿಂಕ್ ಶೀಟಿಗೆ ಹೋಗುತ್ತದೆ. ಟ್ಯಾಗ್ ಮಾಡಿದ್ದಾರೆ ಅಂದ ಮಾತ್ರಕ್ಕೆ ಎತ್ತಿಕೊಳ್ಳುವ ಹಾಗಿಲ್ಲ, ಆದ್ದರಿಂದ ಪೋಸ್ಟಿನ ಕೆಳಗೆ ಕಾಮೆಂಟ್ ಹಾಕಿ ಕೇಳುತ್ತೇವೆ. ಜೊತೆಗೆ ಒಂದು ಮೆಸೇಜನ್ನೂ ಕಳಿಸುತ್ತೇವೆ. ಆದರೆ ಪರಿಚಯ ಇಲ್ಲದವರ ಮೆಸೇಜ್ ರಿಕ್ವೆಸ್ಟ್ ಫೋಲ್ಡರಿಗೆ ಹೋಗಿ ಬೀಳುತ್ತದೆ. ಅದನ್ನು ತಿಂಗಳುಗಟ್ಟಲೆ ತೆರೆಯದವರೇ ಜಾಸ್ತಿ. ಕಾಮೆಂಟಿಗಾದರೆ ಉತ್ತರ ಬೇಗ ಬರುತ್ತದೆ. ‘ಓಕೆ’ ಅಂತ ಬಂದರೆ ಶೀಟಿನಲ್ಲಿ ಹಸಿರು ಬಣ್ಣ, ಆಮೇಲೆ ಹೇಳಿದ ಹೊತ್ತಿಗೆ ತಾನೇ ಪೋಸ್ಟ್ ಹಾಕುವ ಶೆಡ್ಯೂಲರ್‌ನ ಕ್ಯೂ.

ಈ ಕಾಮೆಂಟ್ ಅನ್ನೋದು ಬಾಗಿಲಿಲ್ಲದ ಜಾಗ. ಯಾರು ಬೇಕಾದರೂ ಬಂದು ಉತ್ತರ ಕೊಡಬಹುದು. ನಮ್ಮ ಎಡವಟ್ಟು ಶುರುವಾಗಿದ್ದು ಅಲ್ಲಿಂದಲೇ.

ಮಾರ್ಚ್ ತಿಂಗಳು. ಕಾಫಿ ಹೂವು ಅರಳಿಸುವ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗಿತ್ತು. ಕಾಫಿ ಹೂವು ಎರಡು ಮೂರು ದಿನ ಚೆನ್ನಾಗಿರುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಮುದುಡುತ್ತದೆ. “ಹೂವು ಉದುರೋದ್ರೊಳಗೆ ಹಾಕಿ” ಅಂತ ಓನರ್‌ದು ದಿನಾ ಫೋನ್. ಹೂವಿನ ಫೋಟೋಗಳಿಗೇನೂ ಬರ ಇರಲಿಲ್ಲ. ಎಲ್ಲವೂ ಒಂದೇ ತರಹ ಇದ್ದವು, ಅಷ್ಟೇ.

ಅವುಗಳ ನಡುವೆ ಒಂದು ಮಾತ್ರ ಬೇರೆ ಇತ್ತು. ನಮ್ಮ ಹೋಮ್‌ಸ್ಟೇಯ ಕಲ್ಲುಕಟ್ಟೆ ಮೇಲೆ ಮದುಮಗಳಾಗುವ ಹುಡುಗಿ ಕೂತಿದ್ದಳು. ಕೊಡವ ಸೀರೆ, ಕೈಯಲ್ಲಿ ನಮ್ಮ ಹೆಸರಿರುವ ಕಾಫಿ ಕಪ್, ಹಿಂದೆ ಸಾಲಾಗಿ ಬಿಳಿ ಹೂವು. ಇನ್ನೂ ಹಿಂದೆ ಸಿಲ್ವರ್ ಮರಕ್ಕೆ ಏಣಿ ಹಾಕಿಕೊಂಡು ಕರಿಮೆಣಸು ಕೊಯ್ಯುತ್ತಿದ್ದ ನಮ್ಮ ತೋಟದ ಒಬ್ಬರು, ತುಸು ಮಂಜಾಗಿ. ಬೇಕು ಅಂತ ನಿಲ್ಲಿಸಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಫೋಟೋ ಅಡ್ಡ ಇತ್ತು, ಮಾಮೂಲಿ ಕ್ಯಾಮೆರಾದ 3:2. ನಮ್ಮ ಪೋಸ್ಟುಗಳೆಲ್ಲ ಉದ್ದದ 4:5. ಹೀಗೆ ಕತ್ತರಿಸಿದರೆ ಅಗಲದಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗುತ್ತದೆ. ಹುಡುಗಿ ಮತ್ತು ಏಣಿ ಎರಡೂ ಉಳಿಯಲಿ ಅಂತ ಎಡಕ್ಕೆ ಸರಿಸಿ ಕತ್ತರಿಸಿದೆ. ಬಲಗಡೆ ಕೆಳಮೂಲೆಯಲ್ಲಿ ತೆಳ್ಳಗೆ ಏನೋ ಬರೆದಿತ್ತು, ಅದೂ ಹೋಯಿತು. ನಾನು ನೋಡಲಿಲ್ಲ ಅಂತಲ್ಲ, ನೋಡಿದ್ದೆ. ಕೆಲವು ಫೋನುಗಳು ಮೂಲೆಯಲ್ಲಿ ತಮ್ಮ ಮಾಡೆಲ್ ಹೆಸರು ಒತ್ತುತ್ತವಲ್ಲ, ಅದೇ ಇರಬೇಕು ಅಂದುಕೊಂಡೆ. ಜೂಮ್ ಮಾಡಿ ಓದುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆದರೆ ಮುಂದಿನ ಮೂವತ್ತು ಫೋಟೋ ಕಾಯುತ್ತಿದ್ದವು.

ಅಷ್ಟರಲ್ಲಿ ನಮ್ಮ ಇಂಟರ್ನ್ ಹುಡುಗಿ ಕೂಗಿದಳು, “ಅಕ್ಕಾ, ಓಕೆ ಬಂತು!” ಕಾಮೆಂಟಿನಲ್ಲಿ ‘ಖಂಡಿತ ಹಾಕಿ’ ಅಂತಿತ್ತು, ಪಕ್ಕದಲ್ಲಿ ಎರಡು ಹೃದಯ. ಶೀಟು ಹಸಿರಾಯಿತು. ಶನಿವಾರ ಸಂಜೆ 7:30ಕ್ಕೆ ಕ್ಯೂಗೆ ಹಾಕಿದೆ. ವಾರದಲ್ಲಿ ನಮಗೆ ಹೆಚ್ಚು ಜನ ಸಿಗುವ ಹೊತ್ತು ಅದು.

ಶನಿವಾರ ಸಂಜೆ ಗುಡುಗು ಮಳೆ. ಕರೆಂಟ್ ಹೋಯಿತು, ಅದರ ಹಿಂದೆಯೇ ವೈಫೈ. ನಾನು ಮನೆಯಲ್ಲಿದ್ದೆ. ಏಳು ಗಂಟೆ ದಾಟಿತ್ತು, ಫೋನಿನಲ್ಲಿ ಒಂದು ಗೆರೆ ನೆಟ್‌ವರ್ಕ್ ಬಂದಾಗ ಮೆಸೇಜ್ ಇಳಿಯಿತು. ಫೋಟೋ ಹಾಕಿದ ಹುಡುಗಿ ಕೊನೆಗೂ ರಿಕ್ವೆಸ್ಟ್ ಫೋಲ್ಡರ್ ನೋಡಿದ್ದಳು. “ಕ್ಷಮಿಸಿ, ಈಗ ನೋಡಿದೆ. ಅಲ್ಲಿ ಕಾಮೆಂಟ್ ಹಾಕಿದ್ದು ನನ್ನ ತಂಗಿ. ಫೋಟೋ ತೆಗೆದವರನ್ನು ಕೇಳದೆ ದಯವಿಟ್ಟು ಹಾಕಬೇಡಿ, ಅವರು ತುಂಬಾ ಸ್ಟ್ರಿಕ್ಟ್.”

ಅಕ್ಕ ತಂಗಿ ಇಬ್ಬರ ಪ್ರೊಫೈಲಿನಲ್ಲೂ ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ಇಲ್ಲಿ ಬಹಳ ಜನ ಹೀಗೇ ಬರೆಯುವುದು. ಫೋನಿನ ಪರದೆಯಲ್ಲಿ ಉದ್ದದ ಹೆಸರು ಅರ್ಧಕ್ಕೇ ನಿಂತು ಚುಕ್ಕಿ ಬೀಳುತ್ತದೆ. ಉಳಿಯುವುದು ಮನೆತನದ ಹೆಸರೊಂದೇ. ಇಬ್ಬರ ಡಿಪಿಯಲ್ಲೂ ಕೆಂಪು ಸೀರೆ ಬೇರೆ. ಇಂಟರ್ನ್‌ದು ತಪ್ಪು ಅಂತ ಹೇಗೆ ಹೇಳಲಿ? ಶೀಟಿನಲ್ಲಿ ‘ಒಪ್ಪಿಗೆ ಬಂತಾ’ ಅಂತ ಒಂದು ಕಾಲಂ ಇತ್ತು. ‘ಯಾರಿಂದ’ ಅಂತ ಇರಲಿಲ್ಲ. ಆ ಶೀಟ್ ಮಾಡಿದ್ದು ನಾನೇ.

ಕರೆಂಟ್ ಹೋಗಿದ್ದು ನಮ್ಮ ಮನೆಯಲ್ಲಿ. ಶೆಡ್ಯೂಲರ್ ಇರುವುದು ಇನ್ನೆಲ್ಲೋ ಸರ್ವರಿನಲ್ಲಿ. ನಾವು ಕತ್ತಲಲ್ಲಿ ಕೂತಿದ್ದರೂ 7:30ಕ್ಕೆ ಅದು ತನ್ನ ಪಾಡಿಗೆ ಪೋಸ್ಟ್ ಹಾಕಿಯೇ ಹಾಕುತ್ತದೆ. ಹಾಕಿದ ಮೇಲೆ ಅಳಿಸಿದರಾಯಿತು ಅನ್ನಬಹುದು. ಆದರೆ ನಮ್ಮ ಪೋಸ್ಟ್ ಫೇಸ್‌ಬುಕ್ ಪೇಜಿಗೂ ಹೋಗುವ ಹಾಗೆ ಸೆಟ್ ಆಗಿದೆ. ಇನ್‌ಸ್ಟಾದಲ್ಲಿ ಅಳಿಸಿದರೆ ಅಲ್ಲಿನದು ಹೋಗುವುದಿಲ್ಲ, ಬೇರೆಯಾಗಿ ಅಳಿಸಬೇಕು. ಮೇಲಾಗಿ ಕೊಡಗಿನಲ್ಲಿ ಯಾರಿಗೆ ಯಾರು ನೆಂಟರು ಅಂತ ಹೇಳುವುದು ಕಷ್ಟ. ಫೋಟೋ ತೆಗೆದವರಿಗೆ ಸ್ಕ್ರೀನ್‌ಶಾಟ್ ಮುಟ್ಟಲು ಹತ್ತು ನಿಮಿಷ ಸಾಕು.

ಕೊಡೆ ಹಿಡಿದುಕೊಂಡು ರಸ್ತೆ ತಿರುವಿಗೆ ಓಡಿದೆ. ಅಲ್ಲಿ ಸಿಗ್ನಲ್ ಸಿಗುತ್ತದೆ. ಶೆಡ್ಯೂಲರ್ ಆ್ಯಪ್ ಲಾಗೌಟ್ ಆಗಿತ್ತು. ಪಾಸ್‌ವರ್ಡ್ ಹಾಕಿದರೆ ಒಟಿಪಿ ಕೇಳಿತು. ಒಟಿಪಿ ಹೋಗುವುದು ಓನರ್ ನಂಬರಿಗೆ. ಬದಲಾಯಿಸಿ ಅಂತ ಕೇಳಿ ಕೇಳಿ ನನಗೇ ಸಾಕಾಗಿತ್ತು. ಓನರ್ ವಿರಾಜಪೇಟೆಯಲ್ಲಿ ಯಾರದೋ ಮದುವೆಯಲ್ಲಿದ್ದರು. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಕಡೆಗೆ ಎತ್ತಿದಾಗ ಹಿಂದೆ ವಾಲಗದ ಸದ್ದು ಜೋರು. “ಏನು? ಓಟಾ?” ಅಂದರು. “ಒಟಿಪಿ ಸಾರ್, ಒಟಿಪಿ!” ಅಂತ ನಾನು ರಸ್ತೆ ಮೇಲೆ ನಿಂತು ಕಿರುಚಿದೆ. ಅವರು ನಂಬರ್ ಓದುವಷ್ಟರಲ್ಲಿ ಅದರ ಸಮಯ ಮುಗಿದಿತ್ತು. ಮತ್ತೆ ಕಳಿಸಿದೆ. ಈ ಸಲ ಅವರ ಹೆಂಡತಿ ಫೋನ್ ತೆಗೆದುಕೊಂಡು ಒಂದೊಂದೇ ಅಂಕಿ ನಿಧಾನಕ್ಕೆ ಹೇಳಿದರು. ಒಳಗೆ ಹೋಗಿ ಪೋಸ್ಟನ್ನು ಡ್ರಾಫ್ಟಿಗೆ ಎಳೆದಾಗ 7:28.

ಸೋಮವಾರ ಮೂಲ ಫೋಟೋ ತೆಗೆದು ಮೂಲೆ ಜೂಮ್ ಮಾಡಿದೆ. ಫೋನಿನ ಹೆಸರೂ ಅಲ್ಲ, ಎಂಥದ್ದೂ ಅಲ್ಲ. ಗೋಣಿಕೊಪ್ಪದ ಒಂದು ಸ್ಟುಡಿಯೋ ಹೆಸರು.

ಕಾನೂನಿನ ವಿಷಯದಲ್ಲೂ ನಾನು ಅರ್ಧ ತಿಳಿದುಕೊಂಡಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಫೋಟೋ ತೆಗೆದವರೇ ಅದರ ಮೊದಲ ಒಡೆಯರು. ಆದರೆ ದುಡ್ಡು ಕೊಟ್ಟು ತೆಗೆಸಿದ್ದಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದು. ಆ ‘ಬೇರೆ ಕರಾರು’ ಇದೆಯಲ್ಲ, ಅದೇ ತಲೆನೋವು. ಈ ಹುಡುಗಿಯ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಫೋಟೋ ವ್ಯಾಪಾರಕ್ಕೆ ಬಳಸುವ ಹಕ್ಕು ಸ್ಟುಡಿಯೋದ್ದು ಅಂತ ಇತ್ತು. ಅಂಥ ಬಿಲ್ಲು ನಮಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಅದಕ್ಕೇ ಫೋಟೋ ನೋಡಿದರೆ ಸ್ಟುಡಿಯೋದವರು ತೆಗೆದ ಹಾಗಿದೆ ಅನ್ನಿಸಿದರೆ ಇಬ್ಬರನ್ನೂ ಕೇಳುವುದು. ಗುರುತು ಹಿಡಿಯುವುದು ಕಷ್ಟ ಅಲ್ಲ: ಹಿಂದಿನದೆಲ್ಲ ಮಂಜು, ಮುಖದ ಮೇಲೆ ಒಂದೇ ಕಡೆಯಿಂದ ಮೆತ್ತನೆ ಬೆಳಕು, ಕ್ಯಾಪ್ಷನ್ ಕೊನೆಯಲ್ಲಿ ಇನ್ಯಾರದೋ ಹ್ಯಾಂಡಲ್. ಇನ್ನು ಮೂಲೆಯ ಹೆಸರು ಗೊತ್ತಿದ್ದೂ ಬೇಕಂತಲೇ ತೆಗೆದುಹಾಕಿದರೆ ಅದೇ ಕಾಯ್ದೆಯ 65ಬಿ ಸೆಕ್ಷನ್ ಮೈಮೇಲೆ ಬರಬಹುದು. ‘ಕ್ರಾಪ್‌ನಲ್ಲಿ ಹೋಯ್ತು’ ಅನ್ನುವ ಮಾತನ್ನು ಯಾರು ನಂಬುತ್ತಾರೆ?

ಸ್ಟುಡಿಯೋದವರಿಗೆ ಫೋನ್ ಮಾಡಿದೆ. ಮನುಷ್ಯ ಆ ಹುಡುಗಿ ಹೇಳಿದಷ್ಟು ಗಡಸು ಇರಲಿಲ್ಲ. “ಮೇಡಂ, ಪೇಜಲ್ಲಿ ಹಾಕ್ಕೊಳ್ಳಿ. ಹೆಸರು ಕ್ಯಾಪ್ಷನ್ನಿನ ಮೊದಲ ಸಾಲಲ್ಲಿ ಇರಲಿ. ದುಡ್ಡು ಕೊಟ್ಟು ಜಾಹೀರಾತಿನ ತರಹ ಬೂಸ್ಟ್ ಮಾಡೋದಾದ್ರೆ ಬೇರೆ ರೇಟು, ಪ್ಯಾಕೆಟ್ ಮೇಲೆ ಹಾಕೋದಾದ್ರೆ ಅದಕ್ಕೊಂದು ರೇಟು.” ಇದನ್ನೇ ವಾಟ್ಸಾಪಿನಲ್ಲಿ ಬರೆದು ಕಳಿಸಿ ಅಂದೆ, ಕಳಿಸಿದರು. ನಾವು ಯಾರ ಹತ್ತಿರವೂ ‘ಎಲ್ಲಿ ಹಾಕುತ್ತೇವೆ’ ಅಂತ ಹೇಳಿಯೇ ಇರಲಿಲ್ಲ ಅನ್ನುವುದು ಆಗ ಹೊಳೆಯಿತು. ಪೇಜಿಗೆ ಅಂತ ಒಪ್ಪಿಗೆ ಪಡೆದ ಫೋಟೋಗಳನ್ನು ಓನರ್ ಆರಾಮಾಗಿ ಬೂಸ್ಟ್ ಮಾಡುತ್ತಿದ್ದರು. ಇದನ್ನು ಹೇಳಿದಾಗ ಅವರ ಮುಖ ಸಪ್ಪೆಯಾಯಿತು.

ಈಗ ಶೀಟಿನಲ್ಲಿ ಕಾಲಂ ಜಾಸ್ತಿಯಾಗಿದೆ. ಪೋಸ್ಟ್ ಹಾಕಿದವರ ಹ್ಯಾಂಡಲ್, ಉತ್ತರ ಕೊಟ್ಟವರ ಹ್ಯಾಂಡಲ್, ಎರಡನ್ನೂ ಟೈಪ್ ಮಾಡದೆ ಪ್ರೊಫೈಲಿನಿಂದಲೇ ಕಾಪಿ ಮಾಡಬೇಕು. ಒಂದಕ್ಕೊಂದು ಹೊಂದದಿದ್ದರೆ ಸಾಲು ತಾನೇ ಕೆಂಪಾಗುತ್ತದೆ. ತೆಗೆದವರು ಯಾರು, ಎಲ್ಲೆಲ್ಲಿ ಹಾಕಬಹುದು, ಉತ್ತರದ ಸ್ಕ್ರೀನ್‌ಶಾಟ್ ಎಲ್ಲಿದೆ. ಕಾಮೆಂಟನ್ನು ಅವರು ಯಾವಾಗ ಬೇಕಾದರೂ ಅಳಿಸಬಹುದಲ್ಲ, ಅದಕ್ಕೆ ಸ್ಕ್ರೀನ್‌ಶಾಟ್. ಕ್ಯೂನಲ್ಲಿರುವ ಫೋಟೋದ ಮೂಲ ಪೋಸ್ಟ್ ಇನ್ನೂ ಇದೆಯಾ ಅಂತ ಹಾಕುವ ದಿನ ಬೆಳಿಗ್ಗೆ ಇಂಟರ್ನ್ ಮತ್ತೆ ನೋಡುತ್ತಾಳೆ. ಅವರೇ ತೆಗೆದುಹಾಕಿದ್ದರೆ ನಾವು ಮತ್ತೆ ಕೇಳದೆ ಹಾಕುವುದಿಲ್ಲ. ಒಟಿಪಿ ಮಾತ್ರ ಇವತ್ತಿಗೂ ಓನರ್ ನಂಬರಿಗೇ ಹೋಗುತ್ತದೆ.

ಕಡೆಗೂ ಹುಡುಗಿ ಸರಿ, ಸ್ಟುಡಿಯೋ ಸರಿ ಅಂದರು. ಹಾಕೋಣ ಅಂತ ಕೂತಾಗ ಇಂಟರ್ನ್ ಕೇಳಿದಳು, “ಅಕ್ಕಾ, ಏಣಿ ಮೇಲಿರೋರನ್ನ ಕೇಳಿದ್ರಾ?”

ನಮ್ಮದೇ ತೋಟದವರು, ದಿನಾ ಕಣ್ಣೆದುರಿಗೆ ಓಡಾಡುವವರು. ಅವರನ್ನು ಕೇಳಬೇಕು ಅಂತ ಯಾರ ತಲೆಗೂ ಬಂದಿರಲಿಲ್ಲ. ಮಧ್ಯಾಹ್ನ ಮೆಣಸು ಒಣಹಾಕುವ ಕಣದ ಹತ್ತಿರ ಹೋಗಿ ಫೋನ್ ತೋರಿಸಿದೆ. ಬೆರಳಿಂದ ದೊಡ್ಡದು ಮಾಡಿ ತಮ್ಮನ್ನೇ ನೋಡಿಕೊಂಡು ನಕ್ಕರು. ಆಮೇಲೆ ಫೋನ್ ವಾಪಸ್ ಕೊಟ್ಟು, “ಬೇಡ ಮೇಡಂ” ಅಂದರು. “ಹೋದ ವರ್ಷ ಬಿದ್ದಮೇಲೆ ಏಣಿ ಹತ್ತಲ್ಲ ಅಂತ ಮನೇಲಿ ಹೇಳಿದೀನಿ. ನನ್ನ ಮಗಳು ನಿಮ್ಮ ಪೇಜ್ ನೋಡ್ತಾಳೆ.”

ಮತ್ತೆ ಕ್ರಾಪ್ ಮಾಡಿದೆ, ಈ ಸಲ ಬಲಕ್ಕೆ ಸರಿಸಿ. ಏಣಿ ಹೋಯಿತು, ಸ್ಟುಡಿಯೋ ಹೆಸರು ಉಳಿಯಿತು. ಪೋಸ್ಟ್ ಹಾಕುವಷ್ಟರಲ್ಲಿ ತೋಟದಲ್ಲಿ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಕೆಳಗೆ ಒಬ್ಬರು ‘ಈ ವಾರಾಂತ್ಯ ಬಂದರೆ ಹೂವು ಸಿಗುತ್ತಾ?’ ಅಂತ ಕೇಳಿದ್ದರು. ಓನರ್ ಆಗಲೇ ‘ಬನ್ನಿ ಬನ್ನಿ’ ಅಂತ ಉತ್ತರ ಕೊಟ್ಟಿದ್ದರು.