ಬಾರಿನ ಕೆಳಗೆ ಏನಿದೆ?

ಕಳೆದ ಬುಧವಾರದಿಂದ ಒಂದೇ ಪ್ರಶ್ನೆ ನನ್ನ ಕಿವಿಯಲ್ಲಿ ಕುಳಿತಿದೆ. ನಮ್ಮ ಬಡಾವಣೆಯ ಸಂಗೀತ ಸಭೆಯವರು ಹಳೆಯ ಛಾಯಾಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸಿ, ಪ್ರತಿ ಚಿತ್ರದ ಕೆಳಗೆ ವಾದ್ಯದ ಹೆಸರು ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನಾನು ಬರೆದ ಚೀಟಿಗಳನ್ನು ಒಂದೊಂದಾಗಿ ಓದುತ್ತ ಬಂದ ಮೃದಂಗ ದುರಸ್ತಿ ಮಾಡುವ ಹಿರಿಯರೊಬ್ಬರು ಎರಡನೆಯ ಚಿತ್ರದ ಮುಂದೆ ನಿಂತು, "ಸ್ವಾಮಿ, ಬಾರಿನ ಕೆಳಗೆ ಏನಿದೆ ಅಂತ ನೋಡಿದಿರಾ?" ಎಂದು ಮೆಲ್ಲಗೆ ಕೇಳಿದರು.

ನಾನು ನೋಡಿರಲಿಲ್ಲ. ಮಡಿಲಿಗೆ ಅಡ್ಡವಾಗಿ ಮಲಗಿದ, ನಡುವೆ ಉಬ್ಬಿ ಎರಡು ತುದಿಗಳಲ್ಲಿ ಕಿರಿದಾಗುವ ಮರದ ಒಡಲನ್ನು ಕಂಡ ಕೂಡಲೇ 'ಮೃದಂಗ' ಎಂದು ಬರೆದುಬಿಟ್ಟಿದ್ದೆ. ಅವರು ಬೆರಳಿಟ್ಟ ಕಡೆ ಭೂತಗನ್ನಡಿ ಹಿಡಿದಾಗ, ಚರ್ಮದ ಬಾರುಗಳಿಗೂ ಒಡಲಿಗೂ ನಡುವೆ ಸಿಕ್ಕಿಸಿದ ಮರದ ಉರುಟು ತುಂಡುಗಳು ಸಾಲಾಗಿ ಕಂಡವು. ಅವು ಗಟ್ಟಾಗಳು. ಸುತ್ತಿಗೆಯಿಂದ ತಟ್ಟಿ ಅವುಗಳನ್ನು ಸರಿಸಿದರೆ ಬಾರು ಬಿಗಿಯುತ್ತದೆ ಅಥವಾ ಸಡಿಲವಾಗುತ್ತದೆ, ಶ್ರುತಿ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದು ಉತ್ತರದ ಪಖಾವಾಜ್. ಮೃದಂಗದಲ್ಲಿ ಬಾರುಗಳು ಒಡಲಿಗೆ ಅಂಟಿದಂತೆ ಬಿಗಿಯಾಗಿರುತ್ತವೆ. ಅಲ್ಲಿ ಶ್ರುತಿ ಮಾಡುವುದು ಮುಖದ ಅಂಚಿನ ಹೆಣಿಗೆಯ ಮೇಲೆ ಮರದ ಗೂಟವಿಟ್ಟು ಕಲ್ಲಿನಿಂದ ಹೊಡೆದು. ಮೇಲಿನಿಂದ ಕೆಳಕ್ಕೆ ಹೊಡೆದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ.

ಬಾರು ಕಾಣದಿದ್ದರೆ ಬಲಮುಖವನ್ನು ನೋಡಬೇಕೆಂದು ಅವರು ಹೇಳಿಕೊಟ್ಟರು. ಎರಡೂ ವಾದ್ಯಗಳ ಬಲಮುಖದ ನಡುವೆ ಕರಣೆ ಎಂಬ ಕಪ್ಪು ಲೇಪ ಇರುತ್ತದೆ, ಅದರಿಂದ ಏನೂ ತಿಳಿಯದು. ತಿಳಿಯುವುದು ಕರಣೆಯ ಸುತ್ತಲಿನ ಬಯಲಿನಿಂದ. ಪಖಾವಾಜಿನಲ್ಲಿ ಮೇಲಿನ ಚರ್ಮದ ಉಂಗುರ ಅಂಚಿಗಷ್ಟೇ ಕಿರಿದಾಗಿ ನಿಂತು, ಅದಕ್ಕೂ ಕರಣೆಗೂ ನಡುವೆ ನುಡಿಸುವ ಚರ್ಮ ಅಗಲವಾಗಿ ತೆರೆದಿರುತ್ತದೆ. ಮೃದಂಗದಲ್ಲಿ ಅದೇ ಉಂಗುರ ಅಗಲವಾಗಿ ಒಳಕ್ಕೆ ಚಾಚಿ, ಕರಣೆಯ ಸುತ್ತ ಸಣ್ಣ ಸಂದನ್ನಷ್ಟೇ ಬಿಡುತ್ತದೆ. ಎಡಮುಖವನ್ನು ನಂಬುವಂತಿಲ್ಲ. ಮೃದಂಗಕ್ಕೆ ರವೆಯ ಕಣಕವನ್ನೂ ಪಖಾವಾಜಿಗೆ ಗೋಧಿಹಿಟ್ಟನ್ನೂ ನುಡಿಸುವ ಮುನ್ನ ಹಚ್ಚಿ, ಮುಗಿದ ಮೇಲೆ ಕೆರೆದು ತೆಗೆಯುವುದರಿಂದ, ಗೋಡೆಗೆ ಒರಗಿಸಿಟ್ಟ ವಾದ್ಯದ ಚಿತ್ರದಲ್ಲಿ ಅಲ್ಲಿ ಬಿಳಿ ಬಿಲ್ಲೆ ಇಲ್ಲದಿದ್ದರೆ ಅದಕ್ಕೆ ಅರ್ಥವೇನಿಲ್ಲ.

ಬಲ ಯಾವುದು ಎಂಬುದೂ ಅಷ್ಟು ಸುಲಭವಲ್ಲ. ಒಂದು ಚಿತ್ರದಲ್ಲಿ ಕರಣೆಯ ಮುಖ ವಾದಕರ ಎಡಗಡೆಗಿತ್ತು. ನೆಗೆಟಿವ್ ತಿರುಗಿಸಿ ಮುದ್ರಿಸಿದ್ದಾರೆಂದು ನಾನು ಆತುರಪಟ್ಟೆ. ಹಿಂದೆ ತೂಗುಹಾಕಿದ್ದ ಫಲಕದ ಅಕ್ಷರಗಳು ನೆಟ್ಟಗೇ ಇದ್ದವು. ಪಳನಿ ಸುಬ್ರಹ್ಮಣ್ಯ ಪಿಳ್ಳೈ ಅವರಂಥ ದೊಡ್ಡ ವಾದಕರೇ ಎಡಗೈಯವರಾಗಿದ್ದರೆಂಬುದು ನನಗೆ ಆಮೇಲೆ ನೆನಪಾಯಿತು.

ಇಷ್ಟೆಲ್ಲ ನಡೆಯುವಾಗ ಸಭೆಯ ಕಾರ್ಯದರ್ಶಿಗಳು, "ಬಿಡಿ ಸಾರ್, ಜನಕ್ಕೆ ಏನು ಗೊತ್ತಾಗುತ್ತೆ, ಎಲ್ಲಾ ಚರ್ಮವಾದ್ಯ ಅಂತ ಹಾಕಿ" ಎಂದರು. ಶಾಲು ಹೊದಿಸುವಾಗ ಮಾತ್ರ ವಾದಕರ ಹೆಸರು ನೆನಪಾಗುವ ವರ್ಗಕ್ಕೆ ಸೇರಿದವರು ಅವರು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಚಿತ್ರಕ್ಕೆ ನಾನು 'ತಮಟೆ' ಎಂದು ಬರೆದಿದ್ದೆ. ಚೌಕಟ್ಟಿನ ವಾದ್ಯವೆಂಬುದೇನೋ ಸರಿಯಾಗಿತ್ತು: ಆಳವು ಮುಖದ ಅರ್ಧ ಅಗಲವನ್ನು ಮೀರದಿದ್ದರೆ ಅದು ಚೌಕಟ್ಟಿನ ವಾದ್ಯ ಎಂಬ ಲೆಕ್ಕವಿದೆ. ಚಿತ್ರದ ಮೇಲೆ ಅಳೆದರೆ ಮುಖ 24 ಮಿ.ಮೀ., ಆಳ 8 ಮಿ.ಮೀ. ಬಂದಿತು. ಆದರೆ ವಾದಕರ ಕೈಯಲ್ಲಿ ಕೋಲುಗಳಿರಲಿಲ್ಲ, ವಾದ್ಯದ ಬಳೆಯ ಒಂದು ಸೀಳಿನಲ್ಲಿ ನಾಣ್ಯಗಳಿದ್ದವು, ಮೊಣಕಾಲಿನ ಬಳಿ ನೀರಿನ ಬಟ್ಟಲಿತ್ತು. ಆ ಬಟ್ಟಲು ಕುಡಿಯಲಿಕ್ಕೆ ಇಟ್ಟದ್ದೆಂದು ನಾನು ತಿಳಿದಿದ್ದೆ. ಅದು ಖಂಜಿರ. ಅದರ ಚರ್ಮವನ್ನು ಬಳೆಗೆ ಅಂಟಿಸಿಬಿಡುತ್ತಾರೆ, ಎಳೆಯಲು ಬಾರಿಲ್ಲ. ಒಳಗಿನಿಂದ ಬೆರಳಲ್ಲಿ ನೀರು ಸವರಿ ಶ್ರುತಿ ಇಳಿಸುತ್ತಾರೆ, ಒಣಗಿದಂತೆ ಅದು ಮತ್ತೆ ಏರುತ್ತದೆ. ತಮಟೆಯವರು ಅದಕ್ಕೆ ವಿರುದ್ಧವಾಗಿ ಹುಲ್ಲಿನ ಬೆಂಕಿಗೆ ಮುಖವೊಡ್ಡಿ ಚರ್ಮವನ್ನು ಬಿಗಿ ಮಾಡುತ್ತಾರೆ. ಊರಹಬ್ಬದ ಚಿತ್ರದಲ್ಲಿ ನಾಲ್ವರು ಬೆಂಕಿಯ ಸುತ್ತ ಬಾಗಿ ನಿಂತಿದ್ದರೆ, ಕೋಲು ಕಾಣದಿದ್ದರೂ ಅವರ ಕೈಯಲ್ಲಿರುವುದನ್ನು ಊಹಿಸಬಹುದು. ನೀರಿನ ಬಟ್ಟಲನ್ನು ಕಂಡೂ ಕಾಣದೆ ಹೋದದ್ದಕ್ಕೆ ನನಗೆ ಇನ್ನೂ ನಾಚಿಕೆಯಿದೆ.

ಕೊನೆಯ ಚಿತ್ರದಲ್ಲಿ ಉಬ್ಬಿದ ಒಡಲಿಗೆ ಹೂವಿನ ಬಟ್ಟೆಯ ಗವಸು ತೊಡಿಸಿದ್ದರು, ಎರಡೂ ಮುಖಗಳು ವಾದಕರ ಅಂಗೈಗಳ ಹಿಂದೆ ಮರೆಯಾಗಿದ್ದವು. ಹಿರಿಯರು ಬಹಳ ಹೊತ್ತು ನೋಡಿ ಏನನ್ನೂ ಹೇಳಲಿಲ್ಲ. ನಾನು 'ಮೃದಂಗ' ಎಂಬ ಚೀಟಿಯನ್ನು ಕಿತ್ತು 'ಎರಡು ಮುಖದ ಚರ್ಮವಾದ್ಯ' ಎಂದು ಬರೆದು ಅಂಟಿಸಿದೆ.

"ಬಾರು ಕಾಣ್ತಿಲ್ಲ ನೋಡಿ," ಎಂದರು ಅವರು. "ಇದು ಸರಿ."